ಕೇರಿಯ ಬೇಕರಿಗೆ ಮಾರ್ಕೆಟಿಂಗ್ ಬೇಕೆ? ಉಳಿದ ಪಾವ್ ಹೇಳುವ ಲೆಕ್ಕ

ಮಾರ್ಕೆಟಿಂಗ್ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಜಾಹೀರಾತು. ದೊಡ್ಡ ಫ್ಲೆಕ್ಸು, ಟಿವಿಯಲ್ಲಿ ಬರುವ ನಟಿ, ಒಂದು ಕೊಂಡರೆ ಒಂದು ಉಚಿತ ಎಂಬ ಘೋಷಣೆ. ಹಾಗಾಗಿ ಕೇರಿಯ ಮೂಲೆಯಲ್ಲಿರುವ ಪುಟ್ಟ ಬೇಕರಿಗೂ ಮಾರ್ಕೆಟಿಂಗ್‌ಗೂ ಏನು ಸಂಬಂಧ ಎಂದು ಅನಿಸುವುದು ಸಹಜ. "ಮಾಲು ಚೆನ್ನಾಗಿದ್ದರೆ ಜನ ತಾವಾಗಿಯೇ ಬರುತ್ತಾರೆ" ಎನ್ನುವ ಮಾತನ್ನೂ ನೀವು ಕೇಳಿರಬಹುದು. ಅದರ ಜೊತೆಗೇ ಇನ್ನೊಂದು ನಂಬಿಕೆಯಿದೆ: ಸಂಜೆ ಕಪಾಟು ಖಾಲಿಯಾಗಿದ್ದರೆ ವ್ಯಾಪಾರ ಚೆನ್ನಾಗಿದೆ, ಮಾಲು ಉಳಿದರೆ ನಷ್ಟ.

ಈ ಮಾತುಗಳು ಎಷ್ಟು ನಿಜ? ಕಾರವಾರ ಮತ್ತು ಅಂಕೋಲೆಯಂಥ ಊರುಗಳಲ್ಲಿ ದಿನವೂ ಮಾರಾಟವಾಗುವ ಪಾವ್ ಅನ್ನೇ ಹಿಡಿದು ಲೆಕ್ಕ ಹಾಕಿ ನೋಡೋಣ.

ಹಿಟ್ಟು ಕಲಸಿದಂತೆ ವ್ಯಾಪಾರ

ಮೊದಲು ಹೆಸರಿನ ಕಥೆ. 1948ರಲ್ಲಿ ಅಮೆರಿಕದ ಜೇಮ್ಸ್ ಕುಲಿಟನ್ ಎಂಬ ಪ್ರಾಧ್ಯಾಪಕರು, ವ್ಯಾಪಾರ ನಡೆಸುವವನು ಅಡುಗೆಯ ಸಾಮಗ್ರಿಗಳನ್ನು ಬೆರೆಸುವವನಿದ್ದಂತೆ ಎಂದು ಬರೆದರು. ಕೆಲವೊಮ್ಮೆ ಅವನು ಸಿದ್ಧ ಪಾಕವಿಧಾನವನ್ನು ಅನುಸರಿಸುತ್ತಾನೆ, ಕೆಲವೊಮ್ಮೆ ಕೈಯಲ್ಲಿರುವ ಸಾಮಾನಿಗೆ ತಕ್ಕಂತೆ ಬದಲಿಸಿಕೊಳ್ಳುತ್ತಾನೆ. ಹಾರ್ವರ್ಡ್‌ನ ನೀಲ್ ಬೋರ್ಡನ್ ಅವರಿಗೆ ಈ ಹೋಲಿಕೆ ಹಿಡಿಸಿತು. ಅವರು ಇದಕ್ಕೆ 'ಮಾರ್ಕೆಟಿಂಗ್ ಮಿಕ್ಸ್' ಎಂದು ಹೆಸರಿಟ್ಟು, ಬೆರೆಸಬೇಕಾದ ಹನ್ನೆರಡು ಅಂಶಗಳ ಪಟ್ಟಿ ಮಾಡಿದರು. 1960ರಲ್ಲಿ ಜೆರೋಮ್ ಮೆಕಾರ್ಥಿ ತಮ್ಮ ಪಠ್ಯಪುಸ್ತಕದಲ್ಲಿ ಅವನ್ನು ನಾಲ್ಕಕ್ಕೆ ಇಳಿಸಿದರು: ಪ್ರಾಡಕ್ಟ್, ಪ್ರೈಸ್, ಪ್ಲೇಸ್, ಪ್ರಮೋಷನ್. ಕನ್ನಡದಲ್ಲಿ ಉತ್ಪನ್ನ, ಬೆಲೆ, ಸ್ಥಳ, ಪ್ರಚಾರ. ಇಂದಿಗೂ ಕಾಲೇಜುಗಳಲ್ಲಿ ಇವನ್ನು ನಾಲ್ಕು 'ಪಿ'ಗಳು ಎಂದೇ ಕಲಿಸುತ್ತಾರೆ.

ಜಾಹೀರಾತು ಈ ನಾಲ್ಕರಲ್ಲಿ ಒಂದರ ಒಂದು ಭಾಗ ಮಾತ್ರ. ಅದಕ್ಕಿಂತ ಮುಖ್ಯವಾದ ಮಾತು 'ಮಿಕ್ಸ್' ಎಂಬ ಪದದಲ್ಲೇ ಇದೆ. ಹಿಟ್ಟಿಗೆ ನೀರು ಹೆಚ್ಚಾದರೆ ಉಪ್ಪು, ಈಸ್ಟ್, ಬೇಯುವ ಹೊತ್ತು ಎಲ್ಲವೂ ಏರುಪೇರಾಗುತ್ತವೆ. ವ್ಯಾಪಾರದಲ್ಲೂ ಹಾಗೆಯೇ. ಒಂದು 'ಪಿ'ಯನ್ನು ಬದಲಿಸಿದರೆ ಉಳಿದ ಮೂರರ ಸರಿಯಾದ ಪ್ರಮಾಣವೂ ಬದಲಾಗುತ್ತದೆ.

ಉತ್ಪನ್ನ: ಒಂದು ದಿನದ ಆಯಸ್ಸು

ಪಾವ್ ಎನ್ನುವ ಹೆಸರು ಪೋರ್ಚುಗೀಸರ ಬ್ರೆಡ್ಡಿನ ಹೆಸರಿನಿಂದ ಬಂದದ್ದು. ಗೋವಾದ ಗಡಿ ಕಾರವಾರದ ಮಾಜಾಳಿಯ ಆಚೆಗೇ ಇದೆ. ಹೀಗಾಗಿ ಬೆಳಗಿನ ಚಹಾಕ್ಕೆ, ಭಾಜಿಗೆ, ಮೀನಿನ ಸಾರಿಗೆ ಪಾವ್ ನೆಂಚಿಕೊಳ್ಳುವ ರೂಢಿ ಈ ಭಾಗಕ್ಕೆ ಹೊಸದಲ್ಲ.

ವ್ಯಾಪಾರದ ದೃಷ್ಟಿಯಿಂದ ನೋಡಿದರೆ ಪಾವ್‌ನ ಬಹುಮುಖ್ಯ ಗುಣ ಅದರ ರುಚಿಯಲ್ಲ, ಅದರ ಆಯಸ್ಸು. ಬೆಳಗ್ಗೆ ಐದಕ್ಕೆ ಭಟ್ಟಿಯಿಂದ ಇಳಿದ ಪಾವ್ ಎಂಟಕ್ಕೆ ಮೆತ್ತಗಿರುತ್ತದೆ, ಸಂಜೆಗೆ ಗಡುಸಾಗಿರುತ್ತದೆ, ಮರುದಿನ ಯಾರೂ ಪೂರ್ತಿ ಬೆಲೆ ಕೊಟ್ಟು ಕೊಳ್ಳುವುದಿಲ್ಲ. ಒಣಗುವುದರಿಂದ ಹೀಗಾಗುತ್ತದೆ ಎಂದು ಅನೇಕರು ಭಾವಿಸುತ್ತಾರೆ. ಒಣಗುವುದೂ ಒಂದು ಕಾರಣವೇ, ಆದರೆ ದೊಡ್ಡ ಕಾರಣ ಬೇರೆ. ಬೇಯುವಾಗ ಮೈದಾದ ಪಿಷ್ಟದ ಕಣಗಳು ನೀರು ಕುಡಿದು ಉಬ್ಬಿ ಸಡಿಲವಾಗುತ್ತವೆ. ತಣ್ಣಗಾಗುತ್ತ ಹೋದಂತೆ ಪಿಷ್ಟದ ಎಳೆಗಳು ಮತ್ತೆ ಒತ್ತಾಗಿ ಜೋಡಿಸಿಕೊಂಡು ಹರಳಾಗುತ್ತವೆ. ಆ ಹರಳುಗಳೇ ಪಾವ್ ಅನ್ನು ಗಡುಸಾಗಿಸುತ್ತವೆ. ಫ್ರಿಜ್ಜಿನ ಚಳಿಯಲ್ಲಿ ಈ ಕ್ರಿಯೆ ಹೊರಗಿಗಿಂತ ವೇಗವಾಗಿ ನಡೆಯುತ್ತದೆ. ಆದ್ದರಿಂದ ಪಾವ್ ಅನ್ನು ಫ್ರಿಜ್ಜಿನಲ್ಲಿಟ್ಟರೆ ತಾಜಾ ಉಳಿಯುತ್ತದೆ ಎನ್ನುವುದು ತಪ್ಪು ತಿಳಿವಳಿಕೆ. ಬೂಷ್ಟು ತಡವಾಗಿ ಬರುತ್ತದೆ, ಆದರೆ ಗಡಸುತನ ಬೇಗ ಬರುತ್ತದೆ. ಗಡುಸಾದ ಪಾವ್ ಅನ್ನು ತವೆಯ ಮೇಲೆ ಬಿಸಿ ಮಾಡಿದರೆ ಹರಳುಗಳು ಕರಗಿ ಸ್ವಲ್ಪ ಹೊತ್ತು ಮತ್ತೆ ಮೆತ್ತಗಾಗುತ್ತದೆ. ಪಾವ್ ಭಾಜಿ ಅಂಗಡಿಯವನು ನಿನ್ನೆಯ ಪಾವ್ ಅನ್ನೂ ಬೆಣ್ಣೆ ಹಚ್ಚಿ ಕೊಡಬಲ್ಲನು, ಬೇಕರಿಯವನು ಕೊಡಲಾರನು.

ಇದರಿಂದ ತಿಳಿಯುವುದೇನು? ಬೇಕರಿಯವನು ಮಾರುತ್ತಿರುವುದು ಬರೀ ಪಾವ್ ಅಲ್ಲ, ಬೆಳಗ್ಗೆ ಆರರಿಂದ ಎಂಟೂವರೆಯೊಳಗಿನ ಬಿಸಿ ಪಾವ್. ಹೊತ್ತು ಕೂಡ ಉತ್ಪನ್ನದ ಭಾಗ. ಅದೇ ಪಾವ್ ಹನ್ನೊಂದು ಗಂಟೆಗೆ ಬೇರೆಯೇ ಉತ್ಪನ್ನ, ಅದಕ್ಕೆ ಬೇರೆಯೇ ಗಿರಾಕಿ ಬೇಕು.

ಬೆಲೆ: ಐದು ರೂಪಾಯಿಯೊಳಗೆ ಏನಿದೆ

ಕಾರವಾರದ ಕೋಡಿಬಾಗ ಕಡೆ ಒಂದು ಪುಟ್ಟ ಬೇಕರಿ ಇದೆ ಎಂದುಕೊಳ್ಳಿ. ಇಲ್ಲಿನ ಅಂಕಿಗಳೆಲ್ಲ ಲೆಕ್ಕ ತಿಳಿಯಲೆಂದು ಊಹಿಸಿಕೊಂಡವು. ನಿಮ್ಮ ಊರಿನ ದರ ಹಾಕಿ ನೀವೇ ಮತ್ತೆ ಮಾಡಿ ನೋಡಬಹುದು.

ಒಂದು ಕಿಲೋ ಮೈದಾಕ್ಕೆ ನೀರು, ಸಕ್ಕರೆ, ಎಣ್ಣೆ ಸೇರಿ ಸುಮಾರು 1.65 ಕಿಲೋ ಹಿಟ್ಟಾಗುತ್ತದೆ. ಉಂಡೆಯೊಂದು 46 ಗ್ರಾಂ ಇದ್ದರೆ ಕಿಲೋಗೆ 36 ಪಾವ್. 14 ಕಿಲೋ ಮೈದಾದಿಂದ ದಿನಕ್ಕೆ ಸುಮಾರು 500 ಪಾವ್. ಮೈದಾಕ್ಕೆ 560 ರೂಪಾಯಿ, ಈಸ್ಟ್, ಉಪ್ಪು, ಸಕ್ಕರೆ, ಎಣ್ಣೆಗೆ 190 ರೂಪಾಯಿ. ಒಟ್ಟು ಸಾಮಗ್ರಿ 750, ಅಂದರೆ ಪಾವ್‌ಗೆ ಒಂದೂವರೆ ರೂಪಾಯಿ. ಇನ್ನು ಕಟ್ಟಿಗೆ 300, ಪಾವ್‌ಗೆ ತಗಲುವ ಕೂಲಿ 600, ಬಾಡಿಗೆ ಮತ್ತು ವಿದ್ಯುತ್ತಿನ ಪಾಲು 250. ಇವು 1,150 ರೂಪಾಯಿ. ಪಾವ್ ನೂರು ಕಡಿಮೆ ಮಾಡಿದರೂ ಈ ಖರ್ಚು ಇಳಿಯುವುದಿಲ್ಲ: ಭಟ್ಟಿ ಕಾಯಿಸಲೇಬೇಕು, ಕೆಲಸದವರು ರಾತ್ರಿ ಬರಲೇಬೇಕು.

ಒಟ್ಟು ಖರ್ಚು 1,900 ರೂಪಾಯಿ. ಪಾವ್ ಐದು ರೂಪಾಯಿ. ಐನೂರೂ ಮಾರಾಟವಾದರೆ 2,500 ಬಂದು 600 ರೂಪಾಯಿ ಉಳಿಯುತ್ತದೆ. 420 ಮಾರಾಟವಾದರೆ ಲಾಭ 200. 380 ಮಾರಾಟವಾದರೆ ಸೊನ್ನೆ. ಟ್ರೇಯ ಕೊನೆಯ 120 ಪಾವ್‌ಗಳಲ್ಲೇ ಇಡೀ ದಿನದ ಲಾಭ ಕೂತಿದೆ.

ಹಾಗಾದರೆ ಬೆಲೆಯನ್ನು ಆರು ರೂಪಾಯಿಗೆ ಏರಿಸಿದರೆ? ಪಾವ್ ಒಂದನ್ನೇ ನೋಡಿದರೆ ಇದು ಲಾಭದ ದಾರಿಯಂತೆಯೇ ಕಾಣುತ್ತದೆ. ಈಗ 420 ಮಾರಿ 200 ರೂಪಾಯಿ ಉಳಿಸುವವನು, ಆರು ರೂಪಾಯಿಯಂತೆ 350 ಮಾರಿದರೂ ಅಷ್ಟೇ ಉಳಿಸುತ್ತಾನೆ. ಎಪ್ಪತ್ತು ಪಾವ್ ಕಡಿಮೆಯಾದರೂ ಚಿಂತೆಯಿಲ್ಲ. ಆದರೆ ಪಾವ್‌ಗೆಂದು ಬಂದವರು ಬರಿಗೈಯಲ್ಲಿ ಪಾವ್ ಮಾತ್ರ ಹಿಡಿದು ಹೋಗುವುದಿಲ್ಲ. ಮಕ್ಕಳಿಗೆ ಖಾರಿ, ತಮಗೊಂದು ಪಫ್ಸ್ ಕೊಳ್ಳುತ್ತಾರೆ. ಐದು ಪಾವ್ ಕೊಳ್ಳುವ ಒಂದು ಮನೆಯಿಂದ ಬೇರೆ ತಿಂಡಿಯಲ್ಲಿ ಹತ್ತು ರೂಪಾಯಿ ಉಳಿಯುತ್ತದೆ ಎಂದಿಟ್ಟುಕೊಂಡರೆ, ಲೆಕ್ಕ ಬದಲಾಗುತ್ತದೆ. ಆಗ ತಾಳಿಕೊಳ್ಳಬಹುದಾದ ಇಳಿಕೆ 70 ಅಲ್ಲ, 52 ಪಾವ್ ಮಾತ್ರ. ಅಂದರೆ ದಿನಕ್ಕೆ ಹತ್ತು ಮನೆ. ರಸ್ತೆಯ ಆಚೆ ಬದಿಯಲ್ಲಿ ಐದು ರೂಪಾಯಿಗೇ ಪಾವ್ ಕೊಡುವ ಇನ್ನೊಂದು ಅಂಗಡಿಯಿದ್ದರೆ ಹತ್ತು ಮನೆ ಹೋಗುವುದು ದೊಡ್ಡ ಮಾತಲ್ಲ. ಹತ್ತಿರದಲ್ಲಿ ಬೇರೆ ಬೇಕರಿಯೇ ಇಲ್ಲದಿದ್ದರೆ ಆರು ರೂಪಾಯಿ ನಡೆಯುತ್ತದೆ. ಬೆಲೆಯ ಉತ್ತರ ಸ್ಥಳದಲ್ಲಿದೆ ಎಂದಾಯಿತು.

ಕೆಲವರು ಬೆಲೆ ಏರಿಸದೆ ತೂಕ ಇಳಿಸುತ್ತಾರೆ. 46 ಗ್ರಾಂ ಉಂಡೆಯನ್ನು 42 ಗ್ರಾಂ ಮಾಡಿದರೆ ಪಾವ್‌ಗೆ 13 ಪೈಸೆ, ದಿನಕ್ಕೆ 65 ರೂಪಾಯಿ ಉಳಿಯುತ್ತದೆ. ಆದರೆ ಮಾರಾಟವಾದ ಪ್ರತಿ ಪಾವ್ ಸಾಮಗ್ರಿಯ ಖರ್ಚು ಕಳೆದು ಮೂರೂವರೆ ರೂಪಾಯಿ ತರುತ್ತದೆ. ಹತ್ತೊಂಬತ್ತು ಪಾವ್‌ನ ಗಿರಾಕಿ, ಅಂದರೆ ನಾಲ್ಕು ಮನೆ, ಬೇಸರಗೊಂಡು ಹೋದರೆ ಆ 65 ರೂಪಾಯಿ ಮುಗಿಯಿತು. ದಿನವೂ ಕೈಯಲ್ಲಿ ಹಿಡಿಯುವ ವಸ್ತುವಿನ ತೂಕವನ್ನು ಕೈ ಮರೆಯುವುದಿಲ್ಲ.

ಖಾಲಿ ಕಪಾಟು ಒಳ್ಳೆಯ ಲಕ್ಷಣವೇ?

ಈಗ ಮೊದಲಿನ ನಂಬಿಕೆಗೆ ಬರೋಣ. ಮಾಲು ಉಳಿಯಬಾರದು, ಆದ್ದರಿಂದ ಕಡಿಮೆ ಮಾಡಬೇಕು ಎನ್ನುವ ವಾದ.

ಹತ್ತು ದಿನ ಪಾವ್ ಕೇಳಿ ಬಂದ ಬೇಡಿಕೆ ಹೀಗಿತ್ತು ಎಂದುಕೊಳ್ಳಿ: 360, 380, 390, 400, 410, 420, 430, 440, 460, 510. ಸರಾಸರಿ 420. ಯಾವ ದಿನ ಎಷ್ಟು ಎಂದು ಮೊದಲೇ ಗೊತ್ತಾಗುವುದಿಲ್ಲ. ಬೇಕರಿಯವನು ದಿನವೂ ಒಂದೇ ಸಂಖ್ಯೆಯಲ್ಲಿ ಪಾವ್ ಮಾಡಬೇಕು.

ದಿನವೂ 360 ಮಾಡಿದರೆ ಹತ್ತು ದಿನವೂ ಕಪಾಟು ಖಾಲಿ, ಒಂದು ಪಾವ್ ಕೂಡ ಹಾಳಾಗುವುದಿಲ್ಲ. ದಿನದ ಸರಾಸರಿ ಲಾಭ 110 ರೂಪಾಯಿ. ದಿನವೂ 500 ಮಾಡಿದರೆ ಹೆಚ್ಚುಕಡಿಮೆ ದಿನವೂ ಉಳಿಯುತ್ತದೆ, ಹತ್ತು ದಿನಕ್ಕೆ 810 ಪಾವ್ ಎಸೆಯಬೇಕಾಗುತ್ತದೆ. ಆದರೂ ಸರಾಸರಿ ಲಾಭ 195 ರೂಪಾಯಿ. ದಿನವೂ 430 ಮಾಡಿದರೆ ಆರು ದಿನ ಸ್ವಲ್ಪ ಉಳಿಯುತ್ತದೆ, ಒಂದು ದಿನ ಸರಿಹೋಗುತ್ತದೆ, ಮೂರು ದಿನ ಗಿರಾಕಿಗಳು ಬರಿಗೈಯಲ್ಲಿ ಹೋಗುತ್ತಾರೆ. ಲಾಭ 245 ರೂಪಾಯಿ.

ಒಂದೂ ಹಾಳಾಗದ ದಾರಿಯಲ್ಲೇ ಲಾಭ ಎಲ್ಲಕ್ಕಿಂತ ಕಡಿಮೆ! ಕಾರಣ ಸರಳ. ಉಳಿದ ಒಂದು ಪಾವ್‌ನಿಂದ ಆಗುವ ನಷ್ಟ ಅದರ ಸಾಮಗ್ರಿಯ ಒಂದೂವರೆ ರೂಪಾಯಿ. ಇಲ್ಲವೆಂದು ಕಳಿಸಿದ ಒಂದು ಪಾವ್‌ನಿಂದ ಕೈತಪ್ಪುವುದು ಮೂರೂವರೆ ರೂಪಾಯಿ. ಎರಡೂ ಸೇರಿ ಐದು. ಅದರಲ್ಲಿ ಮೂರೂವರೆಯ ಪಾಲು ನೂರಕ್ಕೆ 70. ಹೀಗಿರುವಾಗ ಹತ್ತರಲ್ಲಿ ಏಳು ದಿನದ ಬೇಡಿಕೆ ತೀರಿಸುವಷ್ಟು ಮಾಡುವುದು ಸರಿಯಾದ ಪ್ರಮಾಣ. ಬೇಡಿಕೆಯನ್ನು ಚಿಕ್ಕದರಿಂದ ದೊಡ್ಡದಕ್ಕೆ ಬರೆದಾಗ ಏಳನೆಯ ಸಂಖ್ಯೆ 430, ಲೆಕ್ಕ ಹೇಳಿದ್ದೂ ಅದನ್ನೇ. ದಿನಪತ್ರಿಕೆ ಎಷ್ಟು ಪ್ರತಿ ತರಿಸಬೇಕೆಂದು ಲೆಕ್ಕ ಹಾಕಲು ಬಳಸುವ ಸೂತ್ರವೂ ಇದೇ. ನಾಳೆಗೆ ಹಳಸಾಗುವ ಎಲ್ಲ ವಸ್ತುವಿಗೂ ಇದು ಹೊಂದುತ್ತದೆ.

ಇಲ್ಲೊಂದು ಎಚ್ಚರ ಬೇಕು. ಈ ಲೆಕ್ಕ ಮಾಡಲು ಬೇಡಿಕೆ ಗೊತ್ತಿರಬೇಕು, ಆದರೆ ಗಲ್ಲಾಪೆಟ್ಟಿಗೆ ಹೇಳುವುದು ಮಾರಾಟವನ್ನು ಮಾತ್ರ. ದಿನವೂ 360 ಮಾಡುವವನ ಪುಸ್ತಕದಲ್ಲಿ ದಿನವೂ 360 ಎಂದೇ ಬರೆದಿರುತ್ತದೆ. ತನ್ನ ಕೇರಿಗೆ ಬೇಕಾದದ್ದೇ ಅಷ್ಟು ಎಂದು ಅವನು ನಂಬಿಬಿಡುತ್ತಾನೆ. ಬೇಡಿಕೆಯ ಗುರುತು ಸಿಗಬೇಕಾದರೆ ಮೂರು ವಿಷಯ ಬರೆದಿಡಬೇಕು: ಎಷ್ಟು ಮಾಡಿದೆವು, ಎಷ್ಟು ಉಳಿಯಿತು, ಉಳಿಯದಿದ್ದರೆ ಕೊನೆಯ ಪಾವ್ ಎಷ್ಟು ಗಂಟೆಗೆ ಹೋಯಿತು. ಏಳೂವರೆಗೇ ಮುಗಿದಿದ್ದರೆ ಇನ್ನೊಂದು ಗಂಟೆಯ ಗಿರಾಕಿಗಳು ಲೆಕ್ಕಕ್ಕೇ ಬಂದಿಲ್ಲ ಎಂದರ್ಥ. ಎರಡು ವಾರ ಹೀಗೆ ಬರೆದರೆ ಸಂತೆಯ ದಿನ, ಶಾಲೆಯ ರಜೆ, ಮಳೆಯ ದಿನಗಳ ವ್ಯತ್ಯಾಸ ತಾನಾಗಿಯೇ ಕಣ್ಣಿಗೆ ಬೀಳುತ್ತದೆ.

ಟೋಸ್ಟ್ ಬಂದರೆ ಲೆಕ್ಕವೇ ಬೇರೆ

ಉಳಿದ ಪಾವ್ ಅನ್ನು ಎಸೆಯಬೇಕು ಎಂದು ಇಲ್ಲಿಯವರೆಗೆ ಇಟ್ಟುಕೊಂಡಿದ್ದೆವು. ಅದನ್ನೇ ಸೀಳಿ, ಆರುತ್ತಿರುವ ಭಟ್ಟಿಯ ಉಳಿದ ಬಿಸಿಯಲ್ಲಿ ಒಣಗಿಸಿ ಟೋಸ್ಟ್ ಮಾಡಿದರೆ? ಹಳೆಯ ಬೇಕರಿಗಳು ಕಂಡುಕೊಂಡ ಉಪಾಯವಿದು. ಇದಕ್ಕೆ ಬೂಷ್ಟು ತಗಲದ, ಅದೇ ದಿನ ಉಳಿದ ಪಾವ್ ಮಾತ್ರ ಆಗಬೇಕು. ಬೂಷ್ಟಿನ ವಿಷ ಒಣಗಿಸಿದರೆ ಹೋಗುವುದಿಲ್ಲ.

ನೀರಿನಂಶ ಹೋಗಿ ಒಂದು ಪಾವ್ ಸುಮಾರು 25 ಗ್ರಾಂ ಟೋಸ್ಟ್ ಆಗುತ್ತದೆ. ನಲವತ್ತು ಪಾವ್‌ಗೆ ಒಂದು ಕಿಲೋ. ಅಂಗಡಿಗಳಿಗೆ ಕಿಲೋಗೆ ನೂರು ರೂಪಾಯಿಯಂತೆ ಕೊಟ್ಟು, ಪ್ಯಾಕೆಟ್ಟು, ಕೂಲಿ, ಸಾಗಣೆಗೆ ನಲವತ್ತು ಕಳೆದರೆ ಅರವತ್ತು ಉಳಿಯುತ್ತದೆ. ಅಂದರೆ ಪಾವ್‌ಗೆ ಒಂದೂವರೆ ರೂಪಾಯಿ, ಅದರ ಸಾಮಗ್ರಿಯ ಖರ್ಚಿನಷ್ಟೇ. ಲಾಭವೇನೂ ಬರಲಿಲ್ಲ ಎನ್ನಬಹುದು. ಆದರೆ ಉಳಿದ ಪಾವ್‌ನ ನಷ್ಟ ಸೊನ್ನೆಯಾಯಿತು. ನಷ್ಟವೇ ಇಲ್ಲವೆಂದ ಮೇಲೆ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಲು ಕಾರಣವಿಲ್ಲ. ಈಗ ದಿನವೂ 500 ಮಾಡಿದರೆ ಸರಾಸರಿ ಲಾಭ 195 ಅಲ್ಲ, 316 ರೂಪಾಯಿ. 430 ಮಾಡಿದರೆ 278. ಸ್ವಲ್ಪ ಹಿಂದೆ ತಪ್ಪಾಗಿ ಕಂಡ ಐನೂರು ಈಗ ಸರಿಯಾದ ಸಂಖ್ಯೆ. ಇನ್ನೊಂದು ಉತ್ಪನ್ನ ಸೇರಿದ್ದರಿಂದ ಮೊದಲ ಉತ್ಪನ್ನದ ಪ್ರಮಾಣ ಬದಲಾಯಿತು. ಮಿಶ್ರಣ ಎನ್ನುವುದು ಇದನ್ನೇ.

ಈ ಲೆಕ್ಕ ನಿಂತಿರುವುದು ಒಂದು ಷರತ್ತಿನ ಮೇಲೆ. ದಿನಕ್ಕೆ ಎರಡು ಕಿಲೋ ಟೋಸ್ಟ್ ಮಾರಾಟವಾಗಬೇಕು. ತಿಂಗಳಿಗೆ ಅರವತ್ತು ಕಿಲೋ. ಒಂದು ಕೇರಿ ಅಷ್ಟು ಟೋಸ್ಟ್ ತಿನ್ನುವುದಿಲ್ಲ.

ಸ್ಥಳ: ಪಾವ್‌ಗೆ ಒಂದು ದೂರ, ಟೋಸ್ಟ್‌ಗೆ ಇನ್ನೊಂದು

'ಸ್ಥಳ' ಎಂದರೆ ಅಂಗಡಿ ಎಲ್ಲಿದೆ ಎನ್ನುವುದಷ್ಟೇ ಅಲ್ಲ. ಮಾಲು ಯಾವ ದಾರಿಯಲ್ಲಿ, ಯಾರ ಕೈಯಿಂದ, ಎಷ್ಟು ಹೊತ್ತಿಗೆ ತಿನ್ನುವವರನ್ನು ಮುಟ್ಟುತ್ತದೆ ಎನ್ನುವುದೂ ಅದರಲ್ಲಿ ಸೇರಿದೆ.

ಕಾರವಾರದಿಂದ ಅಂಕೋಲೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 35 ಕಿಲೋಮೀಟರ್. ಅಲ್ಲಿಗೆ ದಿನವೂ ಪಾವ್ ಕಳಿಸಬಹುದೇ? ವಾಹನಕ್ಕೆ 300 ರೂಪಾಯಿ ಖರ್ಚು, ಅಂಗಡಿಗೆ ನಾಲ್ಕು ರೂಪಾಯಿಯಂತೆ ಕೊಡುವುದು ಎಂದಿಟ್ಟುಕೊಳ್ಳಿ. ಪಾವ್‌ಗೆ ಎರಡೂವರೆ ರೂಪಾಯಿ ಉಳಿಯುವುದರಿಂದ, ವಾಹನದ ಖರ್ಚು ಹುಟ್ಟಲೇ 120 ಪಾವ್ ಬೇಕು. ಅಂಗಡಿ ಅಂಗಡಿಗೆ ಹಂಚಿ ಮುಗಿಸುವಷ್ಟರಲ್ಲಿ ಬೆಳಗಿನ ಹೊತ್ತು ಕಳೆದಿರುತ್ತದೆ, ಅಂಕೋಲೆಯ ಬೇಕರಿಯ ಬಿಸಿ ಪಾವ್ ಅಷ್ಟರೊಳಗೆ ಮನೆಮನೆ ಸೇರಿರುತ್ತದೆ. ಪಾವ್‌ನ ವ್ಯಾಪಾರಕ್ಕೆ ಅದರ ಆಯಸ್ಸೇ ಬೇಲಿ.

ಟೋಸ್ಟ್‌ಗೆ ಆ ಬೇಲಿಯಿಲ್ಲ. ಗಾಳಿಯಾಡದ ಪ್ಯಾಕೆಟ್ಟಿನಲ್ಲಿ ವಾರಗಟ್ಟಲೆ ಇರುತ್ತದೆ. ವಾರಕ್ಕೊಮ್ಮೆ ಹದಿನಾಲ್ಕು ಕಿಲೋ ಕಟ್ಟಿ ಬಸ್ಸಿನಲ್ಲೋ ಟೆಂಪೋದಲ್ಲೋ ಕಳಿಸಿದರೆ ಅವರ್ಸಾ, ಬೇಲೇಕೇರಿ, ಅಂಕೋಲೆಯ ಕಿರಾಣಿ ಅಂಗಡಿಗಳಲ್ಲಿ ಹಂಚಿಹೋಗುತ್ತದೆ. ಹೀಗೆ ಕಾರವಾರದ ಕೇರಿಯಲ್ಲಿ ಗಿರಾಕಿಗೆ ಸದಾ ಪಾವ್ ಸಿಗಬೇಕಾದರೆ ಅಂಕೋಲೆಯ ಯಾವುದೋ ಅಂಗಡಿಯಲ್ಲಿ ಟೋಸ್ಟ್ ಖರ್ಚಾಗಬೇಕು.

ಪಾವ್‌ಗೆ ಬೇಕಾದ್ದು ಹತ್ತಿರದ ದಾರಿ. ಗೋವಾದಲ್ಲಿ ಪೊದೇರ್ ಎಂದು ಕರೆಯುವ ಪಾವ್‌ನವನು ಸೈಕಲ್ಲಿಗೆ ಬುಟ್ಟಿ ಕಟ್ಟಿಕೊಂಡು, ಹಾರ್ನ್ ಒತ್ತುತ್ತ ಮನೆ ಬಾಗಿಲಿಗೇ ಬರುತ್ತಾನೆ. ನಮ್ಮ ಬೇಕರಿಯೂ ಒಬ್ಬ ಸೈಕಲ್ಲಿನವನಿಗೆ ನಾಲ್ಕು ರೂಪಾಯಿಯಂತೆ ನೂರು ಪಾವ್ ಕೊಟ್ಟಿತು ಎನ್ನಿ. ಅವನು ಐದಕ್ಕೆ ಮಾರುತ್ತಾನೆ. ಆ ನೂರರಲ್ಲಿ ಮೂವತ್ತನ್ನು ಕೊಂಡವರು ಮೊದಲು ಅಂಗಡಿಗೇ ಬರುತ್ತಿದ್ದವರಾದರೆ, ಅವುಗಳ ಮೇಲೆ ಒಂದೊಂದು ರೂಪಾಯಿ ಕಡಿಮೆಯಾಯಿತು. ಉಳಿದ ಎಪ್ಪತ್ತರಿಂದ 175 ರೂಪಾಯಿ ಹೊಸದಾಗಿ ಬಂತು. ಒಟ್ಟಿನಲ್ಲಿ ದಿನಕ್ಕೆ 145 ರೂಪಾಯಿ ಹೆಚ್ಚು. ಆದರೆ ನೂರರಲ್ಲಿ ಎಂಬತ್ತೂ ಹಳೆಯ ಗಿರಾಕಿಗಳದೇ ಆದರೆ 80 ಹೋಗಿ 50 ಬರುತ್ತದೆ, ಅಂದರೆ ಕೈಯಿಂದ ಹಣ ಹೋಗುತ್ತದೆ. ಹಾಗಾಗಿ ಸೈಕಲ್ಲು ಅಂಗಡಿಯ ಸುತ್ತಲಿನ ಕೇರಿಯಲ್ಲಿ ತಿರುಗಬಾರದು, ಅಂಗಡಿಗೆ ಬರಲಾರದಷ್ಟು ದೂರದ ಕೇರಿಗೆ ಹೋಗಬೇಕು. ಉಳಿದದ್ದನ್ನು ವಾಪಸ್ ತೆಗೆದುಕೊಳ್ಳುವುದು ಯಾರು ಎನ್ನುವುದೂ ಮೊದಲ ದಿನವೇ ಮಾತಾಗಬೇಕು. ಟೋಸ್ಟ್ ಮಾಡುವ ಬೇಕರಿ ವಾಪಸ್ ಪಡೆಯಬಲ್ಲದು, ಮಾಡದ ಬೇಕರಿಗೆ ಅದು ಹೊರೆ.

ಪ್ರಚಾರ: ಕೂಗಿ ಹೇಳುವುದೇನು?

ಸೈಕಲ್ಲಿನ ಹಾರ್ನ್ ಪ್ರಚಾರದ ಒಳ್ಳೆಯ ಮಾದರಿ. ಅದು "ನಮ್ಮ ಪಾವ್ ಅತ್ಯುತ್ತಮ" ಎಂದು ಹೇಳುವುದಿಲ್ಲ. "ಪಾವ್ ಈಗ ನಿಮ್ಮ ಬಾಗಿಲಲ್ಲಿದೆ" ಎನ್ನುತ್ತದೆ ಅಷ್ಟೇ. ಗಿರಾಕಿಗೆ ಗೊತ್ತಿಲ್ಲದ, ಆದರೆ ಬೇಕಾಗಿರುವ ಒಂದೇ ಸಂಗತಿ ಅದು. ಅಂಗಡಿಯ ಮುಂದೆ "ಬಿಸಿ ಪಾವ್ ಬೆಳಗ್ಗೆ 6ಕ್ಕೆ, ಸಂಜೆ 4:30ಕ್ಕೆ" ಎಂದು ಬರೆದ ಹಲಗೆಯೂ ಇದೇ ಕೆಲಸ ಮಾಡುತ್ತದೆ. ಆದರೆ ಹಲಗೆಯಲ್ಲಿ ಬರೆದ ಹೊತ್ತಿಗೆ ಪಾವ್ ಇಳಿಯದಿದ್ದರೆ ಹಲಗೆ ಇಲ್ಲದಿರುವುದೇ ಮೇಲು.

ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳ ಬಗ್ಗೆ ನಿಮಗೆ ಗೊತ್ತಿರುತ್ತದೆ. ಹಾಸನ ಜಿಲ್ಲೆಯಿಂದ ಬಂದ ಕುಟುಂಬಗಳು ಕಟ್ಟಿ ಬೆಳೆಸಿದ ಈ ಬೇಕರಿಗಳ ಹೆಸರೇ, ಇಲ್ಲಿ ಮೊಟ್ಟೆ ಬಳಸುವುದಿಲ್ಲ ಎಂಬ ಮಾತನ್ನು ದಾರಿಹೋಕರಿಗೂ ತಲುಪಿಸಿತು. ಬೋರ್ಡಿನ ಎರಡು ಪದ ಉತ್ಪನ್ನದ ಮುಖ್ಯ ಗುಣವನ್ನು ಹೇಳಿಬಿಡುತ್ತದೆ. ಮೀನು, ಮೊಟ್ಟೆ ರೂಢಿಯಲ್ಲಿರುವ ಕಾರವಾರದ ಕೇರಿಯಲ್ಲಿ ಅದೇ ಬೋರ್ಡು ಅಷ್ಟೇ ಕೆಲಸ ಮಾಡುತ್ತದೆ ಎನ್ನಲಾಗದು. ಇಲ್ಲಿ ಎಗ್ ಪಫ್ಸ್ ಬೇಕೆನ್ನುವವರೂ ಇದ್ದಾರೆ. ಆದರೆ ಅವರಲ್ಲೇ ಅನೇಕರು ಶ್ರಾವಣದಲ್ಲಿ ಮೊಟ್ಟೆ ಮುಟ್ಟುವುದಿಲ್ಲ. ಆ ತಿಂಗಳು "ಮೊಟ್ಟೆ ಇಲ್ಲದ ಕೇಕ್ ಸಿಗುತ್ತದೆ" ಎಂಬ ಚೀಟಿ ಉಪಯೋಗಕ್ಕೆ ಬರುತ್ತದೆ, ಹುಟ್ಟುಹಬ್ಬಗಳೇನೂ ಶ್ರಾವಣ ಮುಗಿಯಲೆಂದು ಕಾಯುವುದಿಲ್ಲವಲ್ಲ.

ಪ್ರಚಾರದಲ್ಲಿ ಹೆಚ್ಚಾಗಿ ಎಡವುವುದು ರಿಯಾಯಿತಿಯಲ್ಲಿ. ಸಂಜೆ ಏಳರ ಮೇಲೆ ಉಳಿದ ಪಾವ್ ಮೂರು ರೂಪಾಯಿ ಎಂದು ಚೀಟಿ ಅಂಟಿಸಿದರೆ ಐವತ್ತು ಪಾವ್ ಹೋಗಿ 150 ರೂಪಾಯಿ ಬರುತ್ತದೆ. ಮೊದಲ ವಾರ ಇದು ಚೆನ್ನಾಗಿಯೇ ಕಾಣುತ್ತದೆ. ಎರಡನೆಯ ವಾರದಿಂದ ಐದು ಗಂಟೆಗೆ ಐದು ರೂಪಾಯಿ ಕೊಡುತ್ತಿದ್ದ ಕೆಲವರು ಏಳಕ್ಕೆ ಬರತೊಡಗುತ್ತಾರೆ. ಅರವತ್ತು ಪಾವ್ ಹೀಗೆ ಮುಂದಕ್ಕೆ ಜಾರಿದರೆ 120 ರೂಪಾಯಿ ಹೋಯಿತು, ಉಳಿದದ್ದು 30. ಅದೇ ಐವತ್ತು ಪಾವ್ ಟೋಸ್ಟ್ ಆಗಿದ್ದರೆ 75 ಬರುತ್ತಿತ್ತು. ರಿಯಾಯಿತಿ ತಪ್ಪಿದೆಯೇ ಎಂದು ತಿಳಿಯಲು ಏಳರ ನಂತರದ ಮಾರಾಟ ನೋಡಿದರೆ ಸಾಲದು. ನಾಲ್ಕರಿಂದ ಏಳರೊಳಗಿನ ಮಾರಾಟ ಇಳಿದಿದೆಯೇ ಎಂದು ನೋಡಬೇಕು.

ಮಳೆಗಾಲದಲ್ಲಿ ನಾಲ್ಕೂ ಒಟ್ಟಿಗೆ

ಕರಾವಳಿಯ ಜೂನ್ ತಿಂಗಳು ಈ ಮಿಶ್ರಣಕ್ಕೆ ದೊಡ್ಡ ಪರೀಕ್ಷೆ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ನಿಷೇಧ. ಕಾರವಾರದ ಬೈತಖೋಲ, ಅಂಕೋಲಾ ತಾಲ್ಲೂಕಿನ ಬೇಲೇಕೇರಿಯಂಥ ಬಂದರುಗಳಲ್ಲಿ ಬೋಟುಗಳು ದಡ ಸೇರುತ್ತವೆ. ಬೆಳಗಿನ ಜಾವ ಬಂದರಿನ ಚಹಾದಂಗಡಿಯಲ್ಲಿ ಪಾವ್ ತಿನ್ನುತ್ತಿದ್ದವರು ಇರುವುದಿಲ್ಲ, ಹಲವು ಮನೆಗಳ ಕೈಯಲ್ಲಿ ಹಣವೂ ಕಡಿಮೆ.

ಇದೇ ಹೊತ್ತಿಗೆ ಗಾಳಿಯಲ್ಲಿ ತೇವ ತುಂಬಿರುತ್ತದೆ. ಪಾವ್‌ಗೆ ಬೇಗ ಬೂಷ್ಟು ಬರುತ್ತದೆ. ಟೋಸ್ಟ್ ಮತ್ತು ಖಾರಿಗೆ ಇದಕ್ಕೆ ವಿರುದ್ಧವಾದ ತೊಂದರೆ: ಅವು ಗರಿಗರಿಯಾಗಿರುವುದು ಒಳಗೆ ನೀರು ಬಹಳ ಕಡಿಮೆ ಇರುವುದರಿಂದ. ತೇವದ ಗಾಳಿ ತಗುಲಿದರೆ ನೀರು ಹೀರಿಕೊಂಡು ಕೆಲವೇ ಗಂಟೆಗಳಲ್ಲಿ ಮೆತ್ತಗಾಗುತ್ತವೆ. ಅರ್ಧ ಕಿಲೋ ಪ್ಯಾಕೆಟ್ಟು ಬಿಚ್ಚಿದ ಮನೆಯವರು ಮೂರನೆಯ ದಿನ ಮೆತ್ತಗಿನ ಟೋಸ್ಟ್ ತಿಂದು ಬೇಕರಿಯನ್ನೇ ಬೈಯುತ್ತಾರೆ.

ಹಾಗಾಗಿ ಮಳೆಗಾಲದಲ್ಲಿ ಪಾವ್‌ನ ಸಂಖ್ಯೆಯನ್ನು ಹೊಸದಾಗಿ ಲೆಕ್ಕ ಹಾಕಬೇಕು, ಮೇ ತಿಂಗಳ ಪುಸ್ತಕ ಜೂನ್‌ಗೆ ಹೊಂದುವುದಿಲ್ಲ. ಟೋಸ್ಟ್ ಮತ್ತು ಖಾರಿಯನ್ನು ಒಂದೇ ಕೂತಲ್ಲಿ ಖರ್ಚಾಗುವ ನೂರು ಗ್ರಾಂ ಪ್ಯಾಕೆಟ್ಟಿನಲ್ಲಿ, ಸರಿಯಾಗಿ ಸೀಲ್ ಮಾಡಿ ಕೊಡಬೇಕು. ಚಿಕ್ಕ ಪ್ಯಾಕೆಟ್ಟಿಗೆ ಖರ್ಚು ಹೆಚ್ಚು, ಆದ್ದರಿಂದ ಕಿಲೋ ಲೆಕ್ಕದಲ್ಲಿ ಬೆಲೆ ಸ್ವಲ್ಪ ಏರುತ್ತದೆ. ಆದರೆ ಹತ್ತೋ ಹನ್ನೆರಡೋ ರೂಪಾಯಿಯ ಪ್ಯಾಕೆಟ್ಟು, ಕೈಯಲ್ಲಿ ಹಣ ಕಡಿಮೆ ಇರುವ ತಿಂಗಳಲ್ಲಿ ಕೊಳ್ಳಲು ಸುಲಭ. ಬಂದರಿನ ದಾರಿಯಲ್ಲಿ ಹೋಗುತ್ತಿದ್ದ ಸೈಕಲ್ಲನ್ನು ಮನೆಗಳಿರುವ ಕೇರಿಗೆ ತಿರುಗಿಸಬೇಕು, ಏಕೆಂದರೆ ಸುರಿವ ಮಳೆಯಲ್ಲಿ ಜನ ಅಂಗಡಿಗೆ ಬರುವುದು ಕಡಿಮೆ. ಉತ್ಪನ್ನ, ಬೆಲೆ, ಸ್ಥಳ ಮೂರೂ ಬದಲಾದವು. ಹಾರ್ನ್ ಹೊಸ ಕೇರಿಯಲ್ಲಿ ಕೇಳಿಸುವುದರಿಂದ ಪ್ರಚಾರವೂ ಬದಲಾಯಿತು. ಆಗಸ್ಟ್ 1ಕ್ಕೆ ಬೋಟುಗಳು ಮತ್ತೆ ಕಡಲಿಗೆ ಇಳಿದಾಗ ಇದೆಲ್ಲ ಇನ್ನೊಮ್ಮೆ ತಿರುಗಬೇಕು. ಡಿಸೆಂಬರಿನ ಕ್ರಿಸ್ಮಸ್ ಕೇಕಿಗೆ, ಅಂಕೋಲೆಯ ಬಂಡಿಹಬ್ಬದ ಜನಸಂದಣಿಗೆ ಮತ್ತೆ ಬೇರೆ ಬೇರೆ ಹದ.

ಹಾಗಾದರೆ "ಮಾಲು ಚೆನ್ನಾಗಿದ್ದರೆ ಜನ ತಾವಾಗಿಯೇ ಬರುತ್ತಾರೆ" ಎನ್ನುವ ಮಾತು ಸುಳ್ಳೇ? ಅರ್ಧ ನಿಜ. ಪಾವ್ ಚೆನ್ನಾಗಿರಲೇಬೇಕು. ಆದರೆ ಚೆನ್ನಾಗಿರುವುದು ಎಂದರೆ ಯಾವ ಹೊತ್ತಿಗೆ, ಯಾವ ಕೇರಿಯಲ್ಲಿ, ಎಷ್ಟಕ್ಕೆ ಎನ್ನುವುದೂ ಸೇರಿಯೇ. ಮುಂದಿನ ಸಲ ಬೆಳಗ್ಗೆ ಎಂಟಕ್ಕೆ ಬೇಕರಿಗೆ ಹೋದಾಗ ಟ್ರೇಯಲ್ಲಿ ನಾಲ್ಕಾರು ಪಾವ್ ಉಳಿದಿದ್ದರೆ, ಪಕ್ಕದಲ್ಲಿ ಟೋಸ್ಟಿನ ಪ್ಯಾಕೆಟ್ಟೂ ಇದೆಯೇ ನೋಡಿ. ಇದ್ದರೆ ಆ ಬೇಕರಿಯವರು ಲೆಕ್ಕ ಬಲ್ಲವರು.